ನಾನು ನೆಟ್ಟಗೆ ಮಾಡಿದ ಬಾಯಿ

ನಾನು ಹುಟ್ಟು ಪುಕ್ಕಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಧೈರ್ಯ ಮಾಡಿದಂತೆ ಕಾಣುವ ಜಾಗ ಒಂದೆರಡು ಬರುತ್ತವೆ. ಅದನ್ನು ನಂಬಬೇಡಿ.

ಪಾಂಡವಪುರದ ಬಸ್ ನಿಲ್ದಾಣದಿಂದ ಎರಡು ತಿರುವು ಆಚೆ ನನ್ನ ಅಂಗಡಿ. ಫ್ಲೆಕ್ಸು, ಲಗ್ನಪತ್ರಿಕೆ, ಟೀ ಶರ್ಟಿನ ಮೇಲೆ ಹೆಸರು, ನಂಬರು. ಅದಕ್ಕೂ ಮೊದಲು ನಾಗಮಂಗಲದಲ್ಲಿ ಕೈಯಿಂದಲೇ ಬೋರ್ಡು ಬರೆಯುತ್ತಿದ್ದೆ. ಬ್ರಷ್ಷು ಹೋಗಿ ಮೌಸು ಬಂತು, ಕಣ್ಣಿಗೆ ಕನ್ನಡಕ ಬಂತು, ಮಿಕ್ಕಿದ್ದೆಲ್ಲ ಹಾಗೇ ಇದೆ. ನಮ್ಮ ಕೆಲಸದಲ್ಲಿ ಒಂದು ಅಭ್ಯಾಸವಿದೆ. ಯಾವ ಮುಖ ಕೈಗೆ ಸಿಕ್ಕಿದರೂ ಸರಿ ಮಾಡಿಬಿಡುತ್ತೇವೆ. ಮೊಡವೆ ಅಳಿಸುತ್ತೇವೆ, ಎರಡು ಸುತ್ತು ಬೆಳ್ಳಗೆ ಮಾಡುತ್ತೇವೆ, ಒಂದು ಕಣ್ಣು ಚಿಕ್ಕದಿದ್ದರೆ ದೊಡ್ಡ ಕಣ್ಣನ್ನೇ ತಿರುಗಿಸಿ ಅಂಟಿಸುತ್ತೇವೆ. ಯಾರೂ ಕೇಳುವುದಿಲ್ಲ, ಯಾರೂ ಬೇಡ ಅನ್ನುವುದೂ ಇಲ್ಲ. ನಾನು ಹಿಗ್ಗಿಸಿದ, ಕುಗ್ಗಿಸಿದ ಮುಖಗಳನ್ನು ಲೆಕ್ಕ ಹಾಕಿದರೆ ಮೇಲಿನವನಿಗೆ ಸಿಟ್ಟು ಬಂದೀತು.

ಒಂದು ಸೋಮವಾರ ಬೆಳಿಗ್ಗೆ ಕಬಡ್ಡಿ ತಂಡದ ನಾಯಕ ಬಂದ. ತೊಣ್ಣೂರಿನ ಕಡೆಯ ಹಳ್ಳಿಯವನು, ಹಾಲಿನ ಡೇರಿಯಲ್ಲಿ ಕೆಲಸ. ಮಾತು ಜೋರು, ಮನಸ್ಸು ಒಳ್ಳೆಯದು.

"ಅಣ್ಣ, ಬುಧವಾರ ಕೆ.ಆರ್. ಪೇಟೆಲಿ ಟೂರ್ನಮೆಂಟು. ಹನ್ನೆರಡು ಜರ್ಸಿ. ಎದೆ ಮ್ಯಾಲೆ ಒಂದು ಮ್ಯಾಸ್ಕಾಟ್ ಲೋಗೋ ಬೇಕು. ಹುಲಿ, ಸಿಂಹ ಎಲ್ಲಾ ಬ್ಯಾಡ. ಎಲ್ಲಾ ಊರೋರೂ ಅದ್ನೇ ಆಕ್ಕೊಂಡವ್ರೆ. ನಮ್ಮ ರೈಡರ್ ಮೊಕಾನೇ ಆಕ್ಬುಡು."

ಆ ರೈಡರನ್ನು ನಾನು ಬಲ್ಲೆ. ಕಬ್ಬಿನ ಟ್ರಾಕ್ಟರು ಓಡಿಸುವ ಹುಡುಗ. ಹುಡುಗ ಎಂದರೆ ಮದುವೆಯಾಗಿ ಒಂದು ಮಗುವಿನ ಅಪ್ಪ. ಕುಡುಗೋಲಿನಂಥ ಮೀಸೆ, ಹಣೆಗೊಂದು ಪಟ್ಟಿ. ಅವನು ಗೆರೆ ದಾಟಿ ಬಂದರೆ ಎದುರಾಳಿಗಳು ಹಿಂದೆ ಸರಿಯುತ್ತಿದ್ದರು. ಲೋಗೋಗೆ ಹೇಳಿ ಮಾಡಿಸಿದ ಮುಖ.

"ಸುಮ್ನೆ ನಿಂತಿರೋ ಫೋಟೋ ಬೇಡ," ಎಂದೆ. "ಕೋಪದಲ್ಲಿ ಹುಬ್ಬು ಗಂಟು ಹಾಕಿ, ಹಲ್ಲು ಕಚ್ಚಿ ತೋರಿಸಲಿ. ಬಿಸಿಲು ಒಂದು ಪಕ್ಕದಿಂದ ಬೀಳಲಿ. ಆಗ ನೆರಳು ಸರಿಯಾಗಿ ಸಿಗುತ್ತೆ."

ಒಂದು ಗಂಟೆಯಲ್ಲಿ ಫೋಟೋ ಮೊಬೈಲಿಗೆ ಬಂತು.

ಮ್ಯಾಸ್ಕಾಟ್ ಎಂದರೆ ತಂಡದ ಗುರುತಿನ ಚಿತ್ರ, ಫೋಟೋ ಅಲ್ಲ ಎನ್ನುವುದನ್ನು ಗಿರಾಕಿಗೆ ತಿಳಿಸುವುದೇ ಒಂದು ಕೆಲಸ. ಅದು ಎದೆಯ ಮೇಲೆ ಅಂಗೈಯಗಲ ಕೂರಬೇಕು, ಮೈದಾನದ ಆಚೆ ತುದಿಯಲ್ಲಿ ನಿಂತವನಿಗೂ ಕಾಣಬೇಕು. ಬಣ್ಣದ ಹಾಳೆಯನ್ನು ಮಿಷನ್ನಿನಲ್ಲಿ ಕತ್ತರಿಸಿ, ಬೇಡದ ಚೂರು ಕಿತ್ತು, ಬಿಸಿ ಪ್ರೆಸ್ಸಿನಲ್ಲಿ ಬಟ್ಟೆಗೆ ಒತ್ತುತ್ತೇವೆ. ತೆಳು ಗೆರೆ ಇದ್ದರೆ ಕೀಳುವಾಗಲೇ ಜೊತೆಗೆ ಎದ್ದು ಬರುತ್ತದೆ, ಇಲ್ಲವೇ ನಾಲ್ಕು ಒಗೆತಕ್ಕೆ ಸಿಪ್ಪೆ ಏಳುತ್ತದೆ. ಹಾಗಾಗಿ ಮೀಸೆಯ ಒಂದೊಂದು ಕೂದಲಿಲ್ಲ, ಎರಡು ದಪ್ಪ ಆಕಾರ ಅಷ್ಟೆ. ಕೆನ್ನೆಯ ಏರಿಳಿತವಿಲ್ಲ, ಒಂದು ಚೂಪು ನೆರಳು. ಬಣ್ಣ ಮೂರೇ: ಕಪ್ಪು, ಬಿಳಿ, ಅರಿಶಿನ. ಮುಖದಲ್ಲಿ ಏನನ್ನೆಲ್ಲ ಬಿಟ್ಟರೂ ಮನುಷ್ಯ ಉಳಿಯುತ್ತಾನೆ ಎಂದು ಹುಡುಕುವ ಆಟ ಇದು. ನನಗೆ ಇಷ್ಟದ ಆಟ.

ಫೋಟೋವನ್ನು ಕಂಪ್ಯೂಟರಿಗೆ ಹಾಕಿ ಬಣ್ಣ ತೆಗೆದೆ. ಕಪ್ಪು ಬಿಳುಪು ಎರಡೇ ಉಳಿಯುವವರೆಗೆ ಜೋರು ಮಾಡಿದೆ. ಅದರ ಮೇಲೆ ಗೆರೆ ಎಳೆಯುತ್ತ ಹೋದೆ. ಹುಬ್ಬು ಚೆನ್ನಾಗಿ ಬಂತು, ಎರಡೂ ಒಂದೇ ಸಮ ಗಂಟಿಕ್ಕಿದ್ದವು. ಹಣೆಯ ಗೆರೆಗಳು ಎರಡೂ ಪಕ್ಕ ಒಂದೇ ಥರ. ಬಾಯಿಗೆ ಬಂದಾಗ ಸ್ವಲ್ಪ ತೊಡಕಾಯಿತು. ಅವನ ಬಲಗಡೆ ತುಟಿ ಮೇಲೆದ್ದು ಹಲ್ಲು ಪೂರ್ತಿ ಕಾಣುತ್ತಿತ್ತು. ಎಡಗಡೆ ತುದಿ ಜೋತುಬಿದ್ದಿತ್ತು. ಮೂಗಿನಿಂದ ಬಾಯಿಗೆ ಇಳಿಯುವ ಮಡಿಕೆಯೂ ಆ ಪಕ್ಕದಲ್ಲಿ ಅರ್ಧಕ್ಕರ್ಧ ಮಾಯ.

ನಾನು ಏನೆಂದುಕೊಂಡೆ ಎಂಬುದು ಚೆನ್ನಾಗಿ ನೆನಪಿದೆ. ಪಕ್ಕದ ಬಿಸಿಲಿನ ಚೇಷ್ಟೆ ಎಂದುಕೊಂಡೆ. ಇಲ್ಲವೇ ಕಡ್ಡಿಪುಡಿ ಹಾಕಿ ಹಾಕಿ ಒಂದು ದವಡೆ ಜೋತುಬಿದ್ದಿರಬೇಕು, ನಮ್ಮ ಕಡೆ ಅಂಥ ಬಾಯಿಗಳಿಗೇನು ಬರ. ಅರ್ಧ ಮುಖ ಬರೆದು ಇನ್ನರ್ಧವನ್ನು ತಿರುಗಿಸಿ ಜೋಡಿಸುವುದು ನಮ್ಮಲ್ಲಿ ದಿನಾ ನಡೆಯುವ ಕೆಲಸ. ಚೆನ್ನಾಗಿದ್ದ ಬಲ ಅರ್ಧವನ್ನೇ ನಕಲು ಮಾಡಿ, ತಿರುಗಿಸಿ, ಎಡಕ್ಕೆ ಕೂರಿಸಿದೆ. ಕೂರಿಸಿದ ಬಾಯಿ ಫೋಟೋದ ಬಾಯಿಗಿಂತ ಮೇಲಿತ್ತು. ಅಡಿಯಿಂದ ನಿಜವಾದ ತುಟಿ ಇಣುಕುತ್ತಿತ್ತು. ಫೋಟೋವನ್ನು ಮುಚ್ಚಿದೆ. ಇಣುಕುವುದು ನಿಂತಿತು.

ನಾಯಕನಿಗೆ ಕಳಿಸಿದೆ. ಕ್ಷಣದಲ್ಲಿ ಫೋನು.

"ಅಣ್ಣೋ, ಬೆಂಕಿ! ಅವ್ನೇ ಬಂದು ನಿಂತಂಗೈತೆ ಕಣಣ್ಣ. ಒತ್ಬುಡು."

ಮಂಗಳವಾರ ಹನ್ನೆರಡು ಜರ್ಸಿಗೂ ಒತ್ತಿದೆ. ಒಂದೊಂದೇ ಹೊರಬಂದಾಗ ನನಗೇ ಜಂಬ ಬಂತು. ಹನ್ನೆರಡು ಮುಖ, ಒಂದೂ ಸೊಟ್ಟಗಿಲ್ಲ.

ಬುಧವಾರ ಬೆಳಿಗ್ಗೆ ನಾಯಕ ಮತ್ತೆ ಫೋನು ಮಾಡಿದ. ತಂಡ ಗೆದ್ದರೆ ಊರ ಬಾಗಿಲಿಗೆ ಬ್ಯಾನರ್ ಬೇಕಂತೆ. ಅದರಲ್ಲಿ ಅದೇ ಮುಖ, ಆದರೆ ನಗುತ್ತಿರಬೇಕು.

"ನಗೋ ಫೋಟೋ ಕಳ್ಸಪ್ಪ."

"ಈಗ್ಲದು ಬ್ಯಾಡಣ್ಣ. ಈಗ ಅವ್ನು ನಗ್ತಾನೇ ಇಲ್ಲ. ಯಾವಾಗ್ಲೂ ತಲೆನೋವು ಅಂತಾನೆ. ಓದ್ ವರ್ಸದ್ದು ಒಂದೈತೆ, ಕಳಿಸ್ತೀನಿ."

ಹೋದ ವರ್ಷದ ಫೋಟೋ ಬಂತು. ಕಪ್ ಹಿಡಿದುಕೊಂಡು ಬಾಯಿತುಂಬ ನಗುತ್ತಿದ್ದಾನೆ. ಕೆಲಸ ಸಲೀಸಾಗಲಿ ಎಂದು ನನ್ನ ಲೋಗೋವನ್ನೇ ಅದರ ಮೇಲಿಟ್ಟೆ. ಬಾಯಿಯ ತುದಿಗಳು ಎರಡೂ ಪಕ್ಕ ಒಂದೇ ಎತ್ತರಕ್ಕೆ ಸರಿಯಾಗಿ ಕೂತವು.

ನಾನು ಮೌಸಿನಿಂದ ಕೈ ತೆಗೆದೆ.

ಹೋದ ವರ್ಷ ಇವನ ಬಾಯಿ ನೆಟ್ಟಗಿತ್ತು. ನಾನು ಬರೆದಿದ್ದು ಹೋದ ವರ್ಷದ ಬಾಯಿ. ಹಾಗಾದರೆ ಸೋಮವಾರದ ಬಾಯಿಗೆ ಏನಾಗಿದೆ? ಬಿಸಿಲಿನ ಚೇಷ್ಟೆ ಎಂದು ನಂಬುವುದಕ್ಕೆ ಇನ್ನೊಂದು ಸಲ ಪ್ರಯತ್ನಪಟ್ಟೆ. ಸೋಮವಾರದ ಫೋಟೋ ತೆಗೆದು ಲೋಗೋದ ಅರಿಶಿನ ಬಾಯಿಯನ್ನು ಅದರ ಮೇಲಿಟ್ಟು, ಅಡಿಯದು ಕಾಣುವಷ್ಟು ತೆಳುಮಾಡಿದೆ. ಬಲ ತುದಿ ಕೂತಿತು. ಫೋಟೋದ ಎಡ ತುದಿ ಒಂದು ಬೆರಳಗಲ ಕೆಳಗಿತ್ತು. ನೆರಳಾದರೆ ಬಣ್ಣ ಬದಲಾಗಬೇಕು, ತುಟಿ ಇಳಿಯಬಾರದು.

ನನಗೆ ನಮ್ಮಪ್ಪ ನೆನಪಾದರು. ನಮ್ಮಪ್ಪನಿಗೆ ಲಕ್ವ ಹೊಡೆದ ದಿನ ಕಾಫಿ ಬಾಯಿಯ ಒಂದು ಪಕ್ಕದಿಂದ ಸೋರಿತ್ತು. ನಾವೆಲ್ಲ ನಿದ್ದೆಗೆಟ್ಟಿರಬೇಕು ಎಂದು ಅವರನ್ನು ಮಲಗಿಸಿದ್ದೆವು. ಎದ್ದಾಗ ಅರ್ಧ ದೇಹ ಅವರದ್ದಾಗಿರಲಿಲ್ಲ. ಆಮೇಲೆ ಡಾಕ್ಟರು ನಮ್ಮನ್ನು ಕೂರಿಸಿಕೊಂಡು ಹೇಳಿಕೊಟ್ಟಿದ್ದರು: ಹಲ್ಲು ತೋರಿಸಲು ಹೇಳಿ, ಕಣ್ಣು ಮುಚ್ಚಿ ಎರಡು ಕೈಯನ್ನೂ ಮುಂದೆ ಚಾಚಲು ಹೇಳಿ. ಒಂದು ತಾನಾಗಿ ಇಳಿದರೆ ಕಾಯಬೇಡಿ. ಹಲ್ಲು ತೋರಿಸು ಎಂದು ನಾನೇ ಸೋಮವಾರ ಹೇಳಿದ್ದೆ. ಅವನು ತೋರಿಸಿದ್ದ. ನಾನು ಮುಚ್ಚಿದ್ದೆ.

ನಾಯಕನಿಗೆ ಫೋನು ಮಾಡಿದೆ. "ಅವನ ತಲೆಗೆ ಏನಾದ್ರೂ ಏಟು ಬಿದ್ದಿತ್ತಾ?" ಎಂದೆ.

"ಮೂರು ವಾರದ ಇಂದೆ ಪ್ರಾಕ್ಟೀಸ್ನಲ್ಲಿ ಒಬ್ಬನ ಮಂಡಿ ತಾಗ್ತು. ಟವಲ್ ಕಟ್ಕೊಂಡು ಆಟ ಮುಗಿಸ್ದ. ಯಾಕಣ್ಣ?"

"ಅವನನ್ನ ಇವತ್ತು ಆಡಿಸಬೇಡ. ಆಸ್ಪತ್ರೆಗೆ ತೋರಿಸು."

ಅತ್ತ ಕಡೆ ಆಗಲೇ ಹೊರಡುವ ಗಡಿಬಿಡಿ. ಟೆಂಪೋದ ಸದ್ದು, ಹುಡುಗರ ಕೂಗು.

"ಏನಣ್ಣ ಒಂಟಿರೋ ಒತ್ನಲ್ಲಿ ಅಪಸಕುನ ನುಡೀತೀಯಾ? ನೀನು ಲೋಗೋ ಮಾಡೋನು. ಬುಡು, ಮ್ಯಾಚ್ ಮುಗೀಲಿ, ತೋರಿಸ್ತೀವಿ."

ಫೋನು ಕಟ್ಟಾಯಿತು. ಮತ್ತೆ ಮಾಡಿದೆ, ಎತ್ತಲಿಲ್ಲ. ರೈಡರನ ನಂಬರು ನನ್ನ ಬಳಿ ಇರಲಿಲ್ಲ.

ಅಂಗಡಿಯಲ್ಲಿ ಅತ್ತಿಂದಿತ್ತ ಓಡಾಡಿದೆ. ನನಗೇನು ಗೊತ್ತು? ನಾನು ಡಾಕ್ಟರೇ? ಸುಳ್ಳಾದರೆ ಇಡೀ ತಾಲ್ಲೂಕಿನಲ್ಲಿ ಆಡಿಕೊಂಡು ನಗುತ್ತಾರೆ, ಆ ಊರಿನವರು ಇನ್ನೊಮ್ಮೆ ನನ್ನ ಬಾಗಿಲು ತುಳಿಯುವುದಿಲ್ಲ. ನಿಜವಾದರೆ? ಆಗ ಇನ್ನೂ ದೊಡ್ಡ ಭಯ ಬಂತು, ನಿಜ ಹೇಳಬೇಕೆಂದರೆ ಅದು ಅವನ ಬಗ್ಗೆ ಅಲ್ಲ, ನನ್ನ ಬಗ್ಗೆ. ನನಗೆ ಸೋಮವಾರವೇ ಕಂಡಿತ್ತು ಎಂದು ಯಾರಿಗಾದರೂ ತಿಳಿದರೆ? ಈ ಯೋಚನೆ ಬಂದದ್ದಕ್ಕೆ ನನಗೆ ಇಂದಿಗೂ ನಾಚಿಕೆಯಿದೆ.

ಮೂರು ಚಿತ್ರಗಳನ್ನೂ ಮೊಬೈಲಿಗೆ ಹಾಕಿಕೊಂಡು ಬೈಕು ಹತ್ತಿದೆ. ಕೆ.ಆರ್. ಪೇಟೆ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳು ಅಡ್ಡ ಸಿಕ್ಕಿ ಸಿಕ್ಕಿ, ನಾನು ಬಾಯಿಗೆ ಬಂದಂತೆ ಬೈದುಕೊಂಡು ಹೋದೆ. ಪ್ರತಿ ಡ್ರೈವರನ ಮುಖ ನೋಡುತ್ತಿದ್ದೆ. ಎಲ್ಲರ ಬಾಯಿಯೂ ಸೊಟ್ಟಗೇ ಕಾಣುತ್ತಿತ್ತು. ಹೆದರಿದವನ ಕಣ್ಣು ಹಾಗೇ.

ಮೈದಾನದಲ್ಲಿ ಮೈಕು ಕಿರುಚುತ್ತಿತ್ತು. ಅವರ ಆಟಕ್ಕೆ ಮುಂಚೆ ಇನ್ನೊಂದು ಆಟ ನಡೆಯುತ್ತಿತ್ತು. ತಂಡ ಒಂದು ಪಕ್ಕದಲ್ಲಿ ಮೈ ಬಿಸಿ ಮಾಡಿಕೊಳ್ಳುತ್ತಿತ್ತು. ಹನ್ನೆರಡು ಜನ, ಎದೆಗಳ ಮೇಲೆ ಅದೇ ಮುಖ, ಹಲ್ಲು ಕಚ್ಚಿ, ಎರಡೂ ಪಕ್ಕ ಒಂದೇ ಸಮ. ಅವುಗಳ ನಡುವೆ ಆ ಮುಖದ ಒಡೆಯ ಕೂತು ಶೂ ದಾರ ಕಟ್ಟುತ್ತಿದ್ದ. ಎಡಗೈಯಿಂದ ದಾರ ಜಾರುತ್ತಿತ್ತು. ಮತ್ತೆ ಹಿಡಿದ, ಮತ್ತೆ ಜಾರಿತು. ಪಕ್ಕದವನು ಬೈಯುತ್ತ ಬಗ್ಗಿ ತಾನೇ ಕಟ್ಟಿದ.

ಹಿಂದಕ್ಕೆ ಹೋಗಿಬಿಡೋಣ ಎಂದು ಒಂದು ಸಲ ನಿಜವಾಗಿಯೂ ಅನ್ನಿಸಿತು.

ನನ್ನನ್ನು ನೋಡಿ ಅವನೇ ಕೈ ಎತ್ತಿದ. "ಬಾಣ್ಣ! ನನ್ನ ಈರೋ ಮಾಡ್ಬುಟ್ಟೆ!"

ಮಾತು ಸ್ವಲ್ಪ ಎಳೆದಂತಿತ್ತು. ನಗು ಅರ್ಧವೇ ಮೇಲೆದ್ದಿತು.

ನಾಯಕ ಓಡಿ ಬಂದ, ಮುಖ ಕೆಂಪಗಾಗಿತ್ತು. "ಅಣ್ಣ, ಏಳ್ಲಿಲ್ವಾ ನಾನು? ಹುಡುಗ್ರ ಮುಂದೆ ಏನೂ ಮಾತಾಡ್ಬ್ಯಾಡ."

ಮಾತಾಡಿದ್ದರೆ ತೊದಲುತ್ತಿದ್ದೆ. ಮೊಬೈಲು ತೆಗೆದು ತೋರಿಸಿದೆ. ಮೊದಲು ಹೋದ ವರ್ಷದ ಮುಖ, ಅದರ ಮೇಲೆ ಲೋಗೋದ ಬಾಯಿ. ಸರಿಯಾಗಿ ಕೂತಿತ್ತು. ಆಮೇಲೆ ಸೋಮವಾರದ ಮುಖ, ಅದರ ಮೇಲೆ ಅದೇ ಬಾಯಿ. ನಾಯಕ ನೋಡಿದ. ಬೆರಳಿನಿಂದ ದೊಡ್ಡದು ಮಾಡಿ ಮತ್ತೆ ನೋಡಿದ. ತಲೆಯೆತ್ತಿ, ಕೂತಿದ್ದವನ ಮುಖ ನೋಡಿದ. ದಿನಾ ನೋಡುವ ಮುಖವನ್ನು ಅವನು ಆಗ ಮೊದಲ ಸಲ ನೋಡುತ್ತಿದ್ದ.

"ಲೇ, ಎದ್ದೇಳ್ಲಾ," ಎಂದ, ದನಿ ತಗ್ಗಿತ್ತು. "ಅಣ್ಣ ಏನೋ ಏಳ್ತಾವ್ನೆ, ಅಂಗೆ ಮಾಡು."

"ಕಣ್ಣು ಮುಚ್ಚಿ ಎರಡು ಕೈನೂ ಮುಂದಕ್ಕೆ ಚಾಚಪ್ಪ. ಅಂಗೈ ಮೇಲೆ ಮಾಡಿ," ಎಂದೆ.

"ಏನಣ್ಣ, ಪ್ರಸಾದ ಕೊಡ್ತೀಯಾ?" ಎಂದು ಅವನು ತಮಾಷೆ ಮಾಡುತ್ತಲೇ ಕೈ ಚಾಚಿದ. ಕಣ್ಣು ಮುಚ್ಚಿದ. ಸುತ್ತಲಿದ್ದವರು ನಕ್ಕರು. ಬಲಗೈ ಹಾಗೇ ನಿಂತಿತು. ಎಡಗೈ ನಿಧಾನವಾಗಿ ಒಳಕ್ಕೆ ಮಗುಚಿಕೊಂಡು ಕೆಳಗಿಳಿಯತೊಡಗಿತು. ಅವನಿಗೆ ಅದು ತಿಳಿಯಲೇ ಇಲ್ಲ. ಕಣ್ಣು ಮುಚ್ಚಿಕೊಂಡು, "ಸಾಕಾಣ್ಣ?" ಎಂದು ಕೇಳುತ್ತಿದ್ದ. ನಗು ನಿಂತಿತ್ತು. ಮೈಕಿನಲ್ಲಿ ಅವರ ತಂಡದ ಹೆಸರು ಕೂಗುತ್ತಿದ್ದರು.

ನಾಯಕ ಅವನ ಕೈಯನ್ನು ಗಾಳಿಯಲ್ಲೇ ಹಿಡಿದುಕೊಂಡ. "ಕಣ್ ಬುಡ್ಲಾ. ನಡಿ, ಮೈಸೂರ್ಗೆ ಓಗವಾ."

"ಮ್ಯಾಚು?"

"ಮ್ಯಾಚಿನ್ ಮನೆ ಆಳಾಗೋಗ್ಲಿ."

ಅವನು ಬರಲೊಲ್ಲೆ ಎಂದ, ಸಿಟ್ಟಾದ. ಇಷ್ಟು ದಿನ ತಲೆನೋವಿನ ಮಾತ್ರೆ ನುಂಗಿ ಆಡಲಿಲ್ಲವೇ ಎಂದು ಕೇಳಿದ. ಅದನ್ನು ಕೇಳಿ ನಾಯಕ ಇನ್ನೂ ಬಿಳಿಚಿಕೊಂಡ. ನಾಲ್ಕು ಜನ ಸೇರಿ ಅವನನ್ನು ಒಂದು ಕಾರಿಗೆ ಹತ್ತಿಸಿದರು. ನಾನೂ ಹತ್ತಿದೆ. ಏಕೆ ಹತ್ತಿದೆನೋ ಗೊತ್ತಿಲ್ಲ, ಇಳಿದು ನಿಲ್ಲುವುದಕ್ಕೆ ಧೈರ್ಯವಿರಲಿಲ್ಲ.

ಆ ದಾರಿಯಷ್ಟು ಉದ್ದದ ದಾರಿಯನ್ನು ನಾನು ಕಂಡಿಲ್ಲ. ಅವನು ನಡುವೆ ಕೂತಿದ್ದ. ಪಾಂಡವಪುರ ದಾಟುವ ಹೊತ್ತಿಗೆ ಮಾತು ಕಡಿಮೆಯಾಯಿತು. ನಾನು ಸುಮ್ಮನಿರಗೊಡಲಿಲ್ಲ. ಮಗುವಿನ ಹೆಸರೇನು, ಎಷ್ಟು ಹಲ್ಲು ಬಂದಿದೆ, ಟ್ರಾಕ್ಟರಿಗೆ ಎಷ್ಟು ಟನ್ನು ಹೇರುತ್ತೀಯ ಎಂದು ಏನೇನೋ ಕೇಳಿದೆ. ಉತ್ತರ ತಡವಾಗಿ ಬರುತ್ತಿತ್ತು. ಶ್ರೀರಂಗಪಟ್ಟಣದ ಸೇತುವೆ ಬಂದಾಗ ಅವನು ವಾಂತಿ ಮಾಡಿಕೊಂಡ, ಎದೆಯ ಮೇಲಿನ ಲೋಗೋದ ಮೇಲೆಯೇ. ನನ್ನ ಟವಲಿನಿಂದ ಒರೆಸಿದೆ. ಒರೆಸುತ್ತ ಒರೆಸುತ್ತ ಆ ನೆಟ್ಟಗಿನ ಬಾಯಿ ಬಟ್ಟೆಯಡಿಯಿಂದ ಸ್ವಚ್ಛವಾಗಿ ಮೇಲೆ ಬಂತು. ಆ ಕ್ಷಣ ಅದನ್ನು ಉಗುರಿನಿಂದ ಕಿತ್ತು ಕಿಟಕಿಯಾಚೆ ಎಸೆಯಬೇಕೆನಿಸಿತು.

ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಹಳೆಯ ಏಟಿನಿಂದ ತಲೆಬುರುಡೆಯ ಒಳಗೆ, ಬಲಗಡೆ, ರಕ್ತ ಮೆಲ್ಲಮೆಲ್ಲಗೆ ಒಸರಿ ನಿಂತು ಮಿದುಳನ್ನು ಒತ್ತುತ್ತಿದೆ ಎಂದರು. ಒತ್ತಿದ್ದು ಬಲಗಡೆ, ಕೈ ಬಾಯಿ ಸೋತದ್ದು ಎಡಗಡೆ; ಮಿದುಳಿನ ಬಲಭಾಗವೇ ಎಡ ಮೈಯನ್ನು ಆಡಿಸುವುದು ಎಂದು ಡಾಕ್ಟರಮ್ಮ ವಿವರಿಸಿದರು. ಬುರುಡೆಗೆ ರಂಧ್ರ ಮಾಡಿ ರಕ್ತ ಹೊರಗೆ ಬಿಡಬೇಕು, ಈಗಲೇ. ಇನ್ನೊಂದು ಏಟು ಬಿದ್ದಿದ್ದರೆ ಎಂದು ನಾಯಕ ಕೇಳಿದ. ಆಕೆ ಅವನ ಎದೆಯ ಮೇಲಿನ ಮುಖವನ್ನು ನೋಡಿ, ಆಪರೇಷನ್ನಿಗೆ ಸಿದ್ಧತೆ ಮಾಡಲು ಒಳಗೆ ಹೋದರು.

ಅವನ ಹೆಂಡತಿ ಸಂಜೆಯ ಹೊತ್ತಿಗೆ ಬಂದಳು, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು. ಆಪರೇಷನ್ನಿನ ಬಾಗಿಲ ಎದುರಿನ ಬೆಂಚಿನಲ್ಲಿ ನಾನು, ನಾಯಕ, ಅವಳು. ಅವಳು ಅಳಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದಳು. ಬಾಗಿಲು ತೆರೆದಾಗಲೆಲ್ಲ ಮೂವರೂ ಎದ್ದು ನಿಲ್ಲುತ್ತಿದ್ದೆವು, ಬಂದವರು ನಮ್ಮನ್ನು ನೋಡದೆ ಹೋಗುತ್ತಿದ್ದರು, ನಾವು ಮತ್ತೆ ಕೂರುತ್ತಿದ್ದೆವು. ನನಗೆ ನೆನಪಿಗೆ ಬಂದ ದೇವರುಗಳಿಗೆಲ್ಲ ಹರಕೆ ಹೊತ್ತೆ.

ಕಡೆಗೆ ಡಾಕ್ಟರಮ್ಮ ಹೊರಗೆ ಬಂದು, ರಕ್ತ ತೆಗೆದಿದ್ದೇವೆ, ಉಳಿಯುತ್ತಾನೆ, ಕೈಗೆ ಬಲವೂ ಬರುತ್ತದೆ, ಕಬಡ್ಡಿ ಮಾತ್ರ ಇನ್ನು ಮರೆತುಬಿಡಲಿ ಎಂದರು. ನಾಯಕ ಗೋಡೆಗೆ ಹಣೆ ಇಟ್ಟುಕೊಂಡು ಗೊಳೋ ಎಂದು ಅತ್ತ. ಆಮೇಲೆ ಹುಡುಗರಿಗೆ ಫೋನು ಮಾಡಲು ಹೊರಗೆ ಹೋದ.

ನಾವಿಬ್ಬರೇ ಉಳಿದೆವು. ಅವಳು ಬಗ್ಗಿ ನನ್ನ ಕಾಲು ಮುಟ್ಟಲು ಬಂದಳು. ನಾನು ಹೌಹಾರಿ ಹಿಂದೆ ಸರಿದೆ.

"ದಿನಾ ಎದುರ್ಗೆ ಕೂತು ಊಟ ಇಕ್ತಿದ್ದೆ ಕಣಣ್ಣ," ಎಂದಳು. "ಸಾರು ತುಟಿಯಿಂದ ಇಳೀತಿತ್ತು. ಚಿಕ್ ಮಕ್ಳಂಗೆ ಸುರ್ಕೊತೀರ ಅಂತ ಬೈದೆ. ನಂಗೇ ಕಾಣ್ಲಿಲ್ಲ. ನಿಮ್ಗೆ ಬರೀ ಫೋಟೋದಲ್ಲೇ ಕಾಣ್ತು."

ಸುಮ್ಮನಿರಬಹುದಿತ್ತು. ಹೊಗಳಿಕೆ ತಾನಾಗಿ ಬಂದಿತ್ತು, ಕಸಿದುಕೊಂಡದ್ದೇನಲ್ಲ. ನಾನು ಪುಕ್ಕಲ, ಸುಮ್ಮನಿರುವುದು ನನಗೆ ಸಲೀಸು. ಆದರೆ ಆ ಕೈ ನನ್ನ ಕಾಲಿನ ಕಡೆ ಬಂದದ್ದನ್ನು ನನ್ನಿಂದ ತಾಳಲಾಗಲಿಲ್ಲ.

"ಕಂಡಿದ್ದು ಸೋಮವಾರ ಕಣಮ್ಮ," ಎಂದೆ. "ಕಂಡು, ಸರಿ ಮಾಡಿಬಿಟ್ಟೆ. ಚೆನ್ನಾಗಿರೋ ಪಕ್ಕಾನೇ ತಿರುಗಿಸಿ ಅಂಟಿಸಿದೆ. ಎರಡು ದಿನ ಬಿಟ್ಟು ಬಾಯಿ ಬಿಟ್ಟೆ."

ಅವಳು ನನ್ನನ್ನೇ ನೋಡುತ್ತಿದ್ದಳು. ಆ ಎರಡು ಸಂಜೆಯೂ ಅವನು ಪ್ರಾಕ್ಟೀಸಿಗೆ ಹೋಗಿದ್ದ, ಮಂಗಳವಾರ ಮೂರು ಜನ ಅವನನ್ನು ಎತ್ತಿ ಕೆಡವಿದ್ದರು ಎಂಬುದು ನಾಯಕನಿಂದ ಕೇಳಿದ ನನಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಒಳ್ಳೆಯದಿತ್ತು.

"ಅವ್ರಿಗೆ ಏಳ್ಬ್ಯಾಡಿ," ಎಂದಳು. "ನಾನು ಬೈದಿದ್ದು ಈ ಕಾಯ್ಲೆಗೇ ಅಂತ ನಾನೂ ಏಳಕ್ಕಿಲ್ಲ."

ಬೆಂಚಿನಲ್ಲಿ ನನ್ನ ಪಕ್ಕವೇ ಕೂತಳು. ನರ್ಸು ಬಂದು ಒಬ್ಬರು ಮಾತ್ರ ಒಳಗೆ ಹೋಗಿ ನೋಡಬಹುದು ಎಂದಾಗ ಅವಳು ಎದ್ದು, ಸೆರಗು ಸರಿ ಮಾಡಿಕೊಂಡು, ಒಳಗೆ ಹೋದಳು.